ಮನೆ ಮಾರಿದ ಲಾಭಕ್ಕೆ ತೆರಿಗೆ: ಹೊಸ ಮನೆ ಕಟ್ಟುವವರು ಜುಲೈ 31 ಮರೆಯಬಾರದು

ಧಾರವಾಡದ ಮಾಳಮಡ್ಡಿಯ ಹಳೆಯ ಮನೆ ಮಾರಿ ಹುಬ್ಬಳ್ಳಿಯ ನವನಗರಕ್ಕೆ ಬರುವವರು, ಗದಗಿನ ಮನೆ ಮಾರಿ ಮಕ್ಕಳು ಇರುವ ಊರಿನಲ್ಲಿ ನೆಲೆಸುವವರು, ಹಾವೇರಿಯಲ್ಲಿ ತಂದೆಯ ಮನೆಯನ್ನು ಅಣ್ಣತಮ್ಮಂದಿರು ಸೇರಿ ಮಾರುವವರು, ಇವರೆಲ್ಲ ಕೇಳುವ ಪ್ರಶ್ನೆ ಒಂದೇ: "ಬಂದ ದುಡ್ಡಿನಲ್ಲಿ ಮತ್ತೆ ಮನೆಯನ್ನೇ ಮಾಡಿಕೊಳ್ಳುತ್ತಿದ್ದೇವೆ, ಆದರೂ ತೆರಿಗೆ ಕಟ್ಟಬೇಕೇ?"

ನಿಯಮದಂತೆ ನಡೆದರೆ ಕಟ್ಟಬೇಕಿಲ್ಲ, ಅಥವಾ ತೀರ ಕಡಿಮೆ ಕಟ್ಟಿದರೆ ಸಾಕು. ಮನೆ ಮಾರಿ ಬಂದ ಲಾಭವನ್ನು ಕಾನೂನು ಬಂಡವಾಳ ಲಾಭ ಎನ್ನುತ್ತದೆ. ಸೂರು ಬದಲಿಸಲು ಸೂರು ಮಾರಿದವರ ಕೈಯಲ್ಲಿ ಆ ಲಾಭ ಹಣವಾಗಿ ಉಳಿಯುವುದಿಲ್ಲ, ಮತ್ತೊಂದು ಮನೆಯ ಗೋಡೆಯೊಳಗೆ ಸೇರಿಹೋಗುತ್ತದೆ. ಅಂಥವರಿಂದ ತೆರಿಗೆ ಕೇಳಿದರೆ ಅವರು ಮೊದಲಿಗಿಂತ ಚಿಕ್ಕ ಮನೆಗೆ ಹೋಗಬೇಕಾದೀತು. ಇದಕ್ಕಾಗಿಯೇ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 54ನೇ ಸೆಕ್ಷನ್ ಇದೆ. 2026ರ ಏಪ್ರಿಲ್ 1ರಿಂದ ಬಂದಿರುವ ಹೊಸ ಕಾಯ್ದೆಯಲ್ಲಿ ಇದೇ ವಿನಾಯಿತಿ 82ನೇ ಸೆಕ್ಷನ್ ಆಗಿದೆ. ಇಲ್ಲಿ ಎಲ್ಲರಿಗೂ ಪರಿಚಿತವಾದ 54 ಎಂಬ ಸಂಖ್ಯೆಯನ್ನೇ ಬಳಸಿದ್ದೇನೆ.

ಈ ವಿನಾಯಿತಿ ಬೇಕಾದವರಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಮೊದಲನೆಯದು, ಮಾರಿದ ಪೂರ್ತಿ ಹಣವನ್ನು ಹೊಸ ಮನೆಗೆ ಹಾಕಬೇಕು ಎಂಬ ತಪ್ಪು ತಿಳಿವಳಿಕೆ. ಹಾಕಬೇಕಾದದ್ದು ಲಾಭವನ್ನು ಮಾತ್ರ. ಎರಡನೆಯದು, "ಮೂರು ವರ್ಷ ಸಮಯವಿದೆಯಲ್ಲ" ಎಂಬ ನಿಶ್ಚಿಂತೆ. ಮೂರು ವರ್ಷ ಇರುವುದು ನಿಜ, ಆದರೆ ಅದಕ್ಕೂ ಬಹಳ ಮೊದಲೇ ಒಂದು ಜುಲೈ 31 ಬರುತ್ತದೆ.

ಒಂದು ಲೆಕ್ಕವನ್ನು ಹಿಡಿದೇ ಕೊನೆಯವರೆಗೆ ಹೋಗೋಣ. ಗದಗಿನ ನಿವೃತ್ತ ಶಿಕ್ಷಕರೊಬ್ಬರು 2010ರ ಜೂನ್‌ನಲ್ಲಿ ಮನೆ ಕೊಂಡಿದ್ದರು ಎಂದುಕೊಳ್ಳಿ. ಬೆಲೆ 14 ಲಕ್ಷ, ಮುದ್ರಾಂಕ ಮತ್ತು ನೋಂದಣಿಗೆ 1 ಲಕ್ಷ, ಒಟ್ಟು 15 ಲಕ್ಷ. 2014-15ರಲ್ಲಿ 4,80,000 ರೂಪಾಯಿ ಹಾಕಿ ಮೇಲೆ ಎರಡು ಕೋಣೆ ಕಟ್ಟಿಸಿದರು. 2025ರ ಸೆಪ್ಟೆಂಬರ್ 12ರಂದು ಮನೆಯನ್ನು 62 ಲಕ್ಷಕ್ಕೆ ಮಾರಿದರು, ದಲ್ಲಾಳಿಗೆ 50,000 ಕೊಟ್ಟರು. ಈಗ ಹುಬ್ಬಳ್ಳಿಯಲ್ಲಿ ಪ್ಲಾಟು ತೆಗೆದುಕೊಂಡು ಮನೆ ಕಟ್ಟಿಸುತ್ತಿದ್ದಾರೆ.

1. ಮಾರಿದ್ದು ಏನನ್ನು, ಎಷ್ಟು ವರ್ಷ ಇಟ್ಟುಕೊಂಡು ಎಂದು ನೋಡಿ

ಮಾರಿದ್ದು ವಾಸದ ಮನೆಯಾಗಿರಬೇಕು. ಬಾಡಿಗೆಗೆ ಕೊಟ್ಟ ಮನೆಯಾದರೂ ಆಗುತ್ತದೆ. ಕೊಂಡು 24 ತಿಂಗಳು ದಾಟಿರಬೇಕು. ಅದರೊಳಗೆ ಮಾರಿದರೆ ಅದು ಅಲ್ಪಾವಧಿ ಲಾಭ. ಅದಕ್ಕೆ ಈ ವಿನಾಯಿತಿಯಿಲ್ಲ, ಲಾಭವೆಲ್ಲ ನಿಮ್ಮ ಇತರ ಆದಾಯಕ್ಕೆ ಸೇರಿ ಮಾಮೂಲಿ ದರದಲ್ಲಿ ತೆರಿಗೆ ಬೀಳುತ್ತದೆ.

ತಂದೆತಾಯಿಯಿಂದ ಬಂದ ಮನೆಯಾದರೆ ಅವರು ಕೊಂಡ ಬೆಲೆಯೇ ನಿಮ್ಮ ಬೆಲೆ, ಅವರು ಇಟ್ಟುಕೊಂಡ ಕಾಲವೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಮನೆಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆಯೆಂದು ಹಿಡಿಯಬಹುದು. ಆದರೆ ಅದು ಆ ದಿನದ ಸರ್ಕಾರಿ ಮಾರ್ಗಸೂಚಿ ಬೆಲೆಯನ್ನು ಮೀರುವಂತಿಲ್ಲ. ಇದಕ್ಕೆ ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರು ಸೇರಿ ಮಾರಿದ್ದರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಲಾಭವನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿ, ಪ್ರತ್ಯೇಕವಾಗಿ ವಿನಾಯಿತಿ ಪಡೆಯಬೇಕು. ಒಬ್ಬ ಅಣ್ಣ ಮನೆ ಕಟ್ಟಿದ ಮಾತ್ರಕ್ಕೆ ಉಳಿದವರ ತೆರಿಗೆ ಇಳಿಯುವುದಿಲ್ಲ.

ನೀವು ಮಾರಿದ್ದು ಖಾಲಿ ಪ್ಲಾಟಾಗಿದ್ದರೆ ಈ ಲೇಖನದ ಲೆಕ್ಕ ನಿಮಗೆ ಹೊಂದುವುದಿಲ್ಲ. ಅದಕ್ಕೆ 54ಎಫ್ ಎಂಬ ಬೇರೆ ನಿಯಮವಿದೆ. ಅದರಲ್ಲಿ ಪೂರ್ತಿ ವಿನಾಯಿತಿ ಬೇಕೆಂದರೆ ಲಾಭವನ್ನಷ್ಟೇ ಅಲ್ಲ, ಖರ್ಚು ಕಳೆದು ಕೈಗೆ ಬಂದ ಮಾರಾಟದ ಹಣವನ್ನೆಲ್ಲ ಹೊಸ ಮನೆಗೆ ಹಾಕಬೇಕು. ಪ್ಲಾಟು ಮಾರಿದವರು ಮನೆ ಮಾರಿದ ನೆರೆಯವರ ಮಾತು ಕೇಳಿ ತಪ್ಪುವುದು ಇಲ್ಲಿಯೇ.

2. ಮಾರಿದ ಬೆಲೆ ಖರೀದಿ ಪತ್ರದಲ್ಲಿ ಬರೆದದ್ದೇ ಆಗಿರಬೇಕೆಂದಿಲ್ಲ

ನೋಂದಣಿ ಇಲಾಖೆ ಪ್ರತಿ ಬಡಾವಣೆಗೂ ಮಾರ್ಗಸೂಚಿ ಬೆಲೆ ಗೊತ್ತುಮಾಡಿರುತ್ತದೆ. ಅದು ನಿಮ್ಮ ಪತ್ರದಲ್ಲಿರುವ ಬೆಲೆಗಿಂತ ಶೇಕಡಾ 10ಕ್ಕೂ ಹೆಚ್ಚಾಗಿದ್ದರೆ ಆದಾಯ ತೆರಿಗೆಯವರು ಮಾರ್ಗಸೂಚಿ ಬೆಲೆಯನ್ನೇ ನಿಮ್ಮ ಮಾರಾಟ ಬೆಲೆಯೆಂದು ಹಿಡಿಯುತ್ತಾರೆ. ಶಿಕ್ಷಕರ ಮನೆಯ ಮಾರ್ಗಸೂಚಿ ಬೆಲೆ 66 ಲಕ್ಷ ಇದ್ದಿದ್ದರೂ 62 ಲಕ್ಷವೇ ನಿಲ್ಲುತ್ತಿತ್ತು, ಏಕೆಂದರೆ 62 ಲಕ್ಷಕ್ಕೆ ಶೇಕಡಾ 10 ಸೇರಿಸಿದರೆ 68.2 ಲಕ್ಷ. ಅದು 70 ಲಕ್ಷವಾಗಿದ್ದರೆ ಲಾಭದ ಲೆಕ್ಕ 70 ಲಕ್ಷದಿಂದಲೇ ಶುರುವಾಗುತ್ತಿತ್ತು.

ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುತ್ತೇವೆ ಎನ್ನುವ ಖರೀದಿದಾರರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ಅಲ್ಲದೆ ಆ ನಗದನ್ನು ಹೊಸ ಮನೆಗೆ ಹಾಕಿದ್ದೇನೆಂದು ತೋರಿಸಲು ನಿಮ್ಮ ಬಳಿ ದಾರಿಯೇ ಇರುವುದಿಲ್ಲ. ಕಾನೂನಿನಂತೆ ಮನೆ ಕಟ್ಟಿಯೂ ತೆರಿಗೆ ಉಳಿಸಲಾಗದ ಸ್ಥಿತಿ ಅದು.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ನಿಮಗೆ ಕೊಡುವ ಹಣದಲ್ಲಿ ಶೇಕಡಾ 1ನ್ನು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದೇ ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ. ಶಿಕ್ಷಕರ ಹಣದಲ್ಲಿ 62,000 ರೂಪಾಯಿ ಹೀಗೆ ಕಡಿತವಾಗಿದೆ. ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು ಫಾರ್ಮ್ 26ಎಎಸ್‌ನಲ್ಲಿ ನೋಡಿಕೊಳ್ಳಿ. ಕೊನೆಗೆ ತೆರಿಗೆ ಸೊನ್ನೆಯಾದರೆ ರಿಟರ್ನ್ ಸಲ್ಲಿಸಿದಾಗ ಅದು ಮರಳುತ್ತದೆ.

3. ಲಾಭವನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಿ

2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಶೇಕಡಾ 12.5 ತೆರಿಗೆ. ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹಿಗ್ಗಿಸಿ ತೋರಿಸುವ ಸೂಚ್ಯಂಕದ ಅನುಕೂಲ ಇದರಲ್ಲಿಲ್ಲ. ಆದರೆ ಆ ದಿನಕ್ಕಿಂತ ಮೊದಲೇ ಮನೆ ಕೊಂಡಿದ್ದ, ಭಾರತದಲ್ಲೇ ವಾಸಿಸುವವರಿಗೆ ಹಳೆಯ ಲೆಕ್ಕವೂ ಉಳಿದಿದೆ: ಸೂಚ್ಯಂಕ ಸೇರಿಸಿ ಶೇಕಡಾ 20. ಎರಡರಲ್ಲಿ ಯಾವ ತೆರಿಗೆ ಕಡಿಮೆಯೋ ಅದನ್ನು ಕಟ್ಟಿದರೆ ಸಾಕು.

ಮೊದಲು ಸೂಚ್ಯಂಕವಿಲ್ಲದ ಲೆಕ್ಕ. 62 ಲಕ್ಷದಲ್ಲಿ ದಲ್ಲಾಳಿಯ 50,000 ಕಳೆದರೆ 61,50,000. ಅದರಲ್ಲಿ ಕೊಂಡ ಖರ್ಚು 15 ಲಕ್ಷ, ಮೇಲಿನ ಕೋಣೆಗಳ 4,80,000 ಕಳೆದರೆ ಲಾಭ 41,70,000. ಶೇಕಡಾ 12.5ರಂತೆ ತೆರಿಗೆ 5,21,250. ಶೇಕಡಾ 4ರ ಸೆಸ್ ಸೇರಿ 5,42,100 ರೂಪಾಯಿ.

ಇನ್ನು ಸೂಚ್ಯಂಕದ ಲೆಕ್ಕ. ಸರ್ಕಾರ ಪ್ರತಿ ವರ್ಷಕ್ಕೂ ಒಂದು ಅಂಕಿ ಪ್ರಕಟಿಸುತ್ತದೆ: 2010-11ಕ್ಕೆ 167, 2014-15ಕ್ಕೆ 240, 2025-26ಕ್ಕೆ 376. ಕೊಂಡ 15 ಲಕ್ಷವನ್ನು 376ರಿಂದ ಗುಣಿಸಿ 167ರಿಂದ ಭಾಗಿಸಿದರೆ 33,77,246. ಕೋಣೆಗಳ ಖರ್ಚನ್ನು 376ರಿಂದ ಗುಣಿಸಿ 240ರಿಂದ ಭಾಗಿಸಿದರೆ 7,52,000. ಇವೆರಡನ್ನೂ 61,50,000ರಲ್ಲಿ ಕಳೆದರೆ ಲಾಭ 20,20,754. ಶೇಕಡಾ 20ರಂತೆ, ಸೆಸ್ ಸೇರಿ, ತೆರಿಗೆ 4,20,317 ರೂಪಾಯಿ.

ಅಂದರೆ ಬೇರೆ ಮನೆ ಮಾಡದೆ ಹಣವನ್ನು ಸುಮ್ಮನೆ ಬ್ಯಾಂಕಿನಲ್ಲಿಟ್ಟರೆ ಶಿಕ್ಷಕರು 4,20,317 ರೂಪಾಯಿ ಕಟ್ಟಬೇಕು. ಕೋಣೆ ಕಟ್ಟಿಸಿದ ಬಿಲ್ಲುಗಳನ್ನು ಅವರು ಇಟ್ಟುಕೊಂಡಿರದಿದ್ದರೆ ಆ 7,52,000 ಕೂಡ ಲಾಭಕ್ಕೇ ಸೇರಿ ತೆರಿಗೆ ಇನ್ನೂ ಏರುತ್ತಿತ್ತು. ಸುಣ್ಣಬಣ್ಣ, ಸಣ್ಣಪುಟ್ಟ ದುರಸ್ತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

4. ಹೊಸ ಮನೆಗೆ ಎಷ್ಟು ಹಾಕಬೇಕು, ಎಂದಿನೊಳಗೆ

ಸೂಚ್ಯಂಕವಿಲ್ಲದ ಲಾಭ ದೊಡ್ಡದು. ಹೊಸ ಮನೆಗೆ ಕನಿಷ್ಠ ಅಷ್ಟು, ಅಂದರೆ ಶಿಕ್ಷಕರ ವಿಷಯದಲ್ಲಿ 41,70,000 ರೂಪಾಯಿ ಹಾಕಿದರೆ ಯಾವ ಲೆಕ್ಕದಲ್ಲಿ ನೋಡಿದರೂ ತೆರಿಗೆ ಸೊನ್ನೆ. ಉಳಿದ ಸುಮಾರು 20 ಲಕ್ಷ ಅವರದ್ದೇ. ಮಗಳ ಮದುವೆಗೆ ಬಳಸಲಿ, ಬ್ಯಾಂಕಿನಲ್ಲಿ ಇಡಲಿ, ಯಾರೂ ಕೇಳುವುದಿಲ್ಲ. ಹೊಸ ಮನೆಗೆ ಹಾಕಿದ ಹಣ ಲಾಭಕ್ಕಿಂತ ಕಡಿಮೆಯಾದರೆ ಹಾಕಿದಷ್ಟಕ್ಕೆ ವಿನಾಯಿತಿ, ಉಳಿದ ಲಾಭಕ್ಕೆ ತೆರಿಗೆ.

ಸಿದ್ಧವಾದ ಮನೆ ಕೊಳ್ಳುವುದಾದರೆ, ಮಾರುವುದಕ್ಕೆ ಹಿಂದಿನ ಒಂದು ವರ್ಷದಲ್ಲಿ ಕೊಂಡದ್ದೂ ನಡೆಯುತ್ತದೆ, ಮಾರಿದ ಮೇಲಿನ ಎರಡು ವರ್ಷದೊಳಗೆ ಕೊಂಡದ್ದೂ ನಡೆಯುತ್ತದೆ. ಕಟ್ಟಿಸುವುದಾದರೆ ಮಾರಿದ ದಿನದಿಂದ ಮೂರು ವರ್ಷ. ಶಿಕ್ಷಕರ ಮನೆ 2028ರ ಸೆಪ್ಟೆಂಬರ್ 12ಕ್ಕೆ ಮೊದಲು ಮುಗಿದಿರಬೇಕು. ಪ್ಲಾಟಿನ ಬೆಲೆಯೂ ಮನೆಯ ಖರ್ಚಿಗೆ ಸೇರುತ್ತದೆ. ಆದರೆ ಆ ಪ್ಲಾಟಿನ ಮೇಲೆ ಅವಧಿಯೊಳಗೆ ಮನೆ ಏಳಲೇಬೇಕು.

ನಮ್ಮ ಭಾಗದಲ್ಲಿ ಇದು ದೊಡ್ಡ ತಪ್ಪಿಗೆ ಕಾರಣವಾಗಿದೆ. ಮನೆ ಮಾರಿದ ಹಣದಲ್ಲಿ ಊರ ಹೊರಗೆ ಎನ್.ಎ. ಪ್ಲಾಟು ಕೊಂಡು, ಬೆಲೆ ಏರಲೆಂದು ಹಾಗೆಯೇ ಬಿಡುತ್ತಾರೆ. ಬರಿಯ ಪ್ಲಾಟಿಗೆ ಒಂದು ರೂಪಾಯಿ ವಿನಾಯಿತಿಯೂ ಇಲ್ಲ. ಹೊಲ ಕೊಂಡರೂ ಇಲ್ಲ, ಬಾಡಿಗೆ ಬರಲೆಂದು ಅಂಗಡಿ ಮಳಿಗೆ ಕೊಂಡರೂ ಇಲ್ಲ. ಹೊಸದು ವಾಸದ ಮನೆಯೇ ಆಗಿರಬೇಕು, ಭಾರತದಲ್ಲೇ ಇರಬೇಕು. ಅದು ಮಾರಿದವರ ಹೆಸರಿನಲ್ಲೇ ಇರಲಿ. "ಹೇಗೂ ಮಗನಿಗೇ ಹೋಗುವುದಲ್ಲ" ಎಂದು ಖರೀದಿ ಪತ್ರವನ್ನು ನೇರವಾಗಿ ಮಗನ ಹೆಸರಿಗೆ ಮಾಡಿಸಿದರೆ ವಿನಾಯಿತಿ ವಿವಾದಕ್ಕೆ ಸಿಲುಕುತ್ತದೆ.

ಸಾಮಾನ್ಯವಾಗಿ ಒಂದೇ ಮನೆಗೆ ಅವಕಾಶ. ಲಾಭ 2 ಕೋಟಿ ಮೀರದಿದ್ದರೆ ಜೀವನದಲ್ಲಿ ಒಮ್ಮೆ ಮಾತ್ರ ಎರಡು ಮನೆಗಳಲ್ಲಿ ಹಾಕಬಹುದು. ಇಬ್ಬರು ಮಕ್ಕಳಿಗೆಂದು ಎರಡು ಚಿಕ್ಕ ಮನೆ ಮಾಡುವವರಿಗೆ ಇದು ಒದಗುತ್ತದೆ.

5. ಜುಲೈ 31ರೊಳಗೆ ಉಳಿದ ಹಣವನ್ನು ವಿಶೇಷ ಖಾತೆಗೆ ಹಾಕಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಶಿಕ್ಷಕರು 2025-26ನೇ ಆರ್ಥಿಕ ವರ್ಷದಲ್ಲಿ ಮನೆ ಮಾರಿದರು. ಆ ವರ್ಷದ ರಿಟರ್ನ್ ಸಲ್ಲಿಸಲು ಕೊನೆಯ ದಿನ 2026ರ ಜುಲೈ 31. ಅಷ್ಟರೊಳಗೆ ಅವರು ಪ್ಲಾಟಿಗೆ 18 ಲಕ್ಷ, ಪಾಯ ಮತ್ತು ಗೋಡೆಗೆ 9 ಲಕ್ಷ, ಒಟ್ಟು 27 ಲಕ್ಷ ಖರ್ಚು ಮಾಡಿದ್ದಾರೆ. ಹಾಕಬೇಕಾದ 41,70,000ರಲ್ಲಿ ಇನ್ನೂ 14,70,000 ಉಳಿದಿದೆ. ಈ ಉಳಿದ ಹಣ ಆ ದಿನ ಅವರ ಮಾಮೂಲಿ ಉಳಿತಾಯ ಖಾತೆಯಲ್ಲೋ ಠೇವಣಿಯಲ್ಲೋ ಇದ್ದರೆ ಸಾಲದು. ಕ್ಯಾಪಿಟಲ್ ಗೇನ್ಸ್ ಅಕೌಂಟ್ ಎಂಬ ವಿಶೇಷ ಖಾತೆಯಲ್ಲಿ ಇರಬೇಕು. 1988ರಲ್ಲಿ ಬಂದ ಯೋಜನೆಯಿದು. ಮನೆಗೇ ಹಾಕುತ್ತೇನೆ ಎಂದು ನೀವು ಹೇಳುವ ಮಾತಿಗೆ ಈ ಖಾತೆಯೇ ಒತ್ತೆ.

ಖಾತೆ ತೆರೆಯುವ ಕ್ರಮ ಹೀಗಿದೆ. ಈ ಯೋಜನೆಗೆ ಅಧಿಕಾರವಿರುವ ಬ್ಯಾಂಕಿನ ನಗರ ಶಾಖೆಗೆ ಹೋಗಿ. ಗ್ರಾಮೀಣ ಶಾಖೆಗಳಲ್ಲಿ ಈ ಖಾತೆ ತೆರೆಯಲಾಗದು, ಆದ್ದರಿಂದ ಹಳ್ಳಿಯಲ್ಲಿ ಖಾತೆಯಿರುವವರು ಹುಬ್ಬಳ್ಳಿ, ಧಾರವಾಡ, ಗದಗ ಅಥವಾ ಹಾವೇರಿಯ ಶಾಖೆಗೇ ಬರಬೇಕಾಗುತ್ತದೆ. ಅಲ್ಲಿ ಫಾರ್ಮ್ ಎ ತುಂಬಬೇಕು. ಅದರಲ್ಲಿ ಯಾವ ಸೆಕ್ಷನ್ ಅಡಿ ಎಂದು ಕೇಳಿದ ಕಡೆ, ಶಿಕ್ಷಕರಂತೆ 2026ರ ಏಪ್ರಿಲ್ 1ಕ್ಕೆ ಮೊದಲು ಮನೆ ಮಾರಿದವರು 54 ಎಂದೇ ಬರೆಯಿರಿ. ಅಲ್ಲಿ ತಪ್ಪಾದರೆ ಮುಂದೆ ವಿವರಣೆ ಕೊಡುತ್ತಾ ಕೂರಬೇಕು. ಖಾತೆಯಲ್ಲಿ ಎರಡು ಬಗೆ. ಟೈಪ್ ಎ ಎಂದರೆ ಉಳಿತಾಯ ಖಾತೆಯಂಥದು, ಪಾಸ್‌ಬುಕ್ ಕೊಡುತ್ತಾರೆ. ಟೈಪ್ ಬಿ ಅವಧಿ ಠೇವಣಿ, ಬಡ್ಡಿ ಹೆಚ್ಚು, ಆದರೆ ಬೇಕಾದಾಗ ತೆಗೆಯಬೇಕೆಂದರೆ ಮೊದಲು ಟೈಪ್ ಎಗೆ ವರ್ಗಾಯಿಸಬೇಕು. ಕೆಲಸ ನಡೆಯುತ್ತಿರುವಾಗ ಗೌಂಡಿಗೆ, ಕಬ್ಬಿಣಕ್ಕೆ, ಉಸುಕಿಗೆ ವಾರವಾರ ಹಣ ಬೇಕಾಗುತ್ತದೆ. ಆದ್ದರಿಂದ ಕಟ್ಟಿಸುತ್ತಿರುವವರಿಗೆ ಟೈಪ್ ಎ ಒಳ್ಳೆಯದು. ಎರಡರ ಬಡ್ಡಿಗೂ ಆಯಾ ವರ್ಷ ತೆರಿಗೆ ಇದೆ.

ಜುಲೈ ಕೊನೆಯ ವಾರಕ್ಕೆ ಬಿಡಬೇಡಿ. ಎಷ್ಟೋ ಶಾಖೆಗಳಲ್ಲಿ ಈ ಖಾತೆ ವರ್ಷಕ್ಕೊಂದು ಎರಡು ತೆರೆದರೆ ಹೆಚ್ಚು. ಸಿಬ್ಬಂದಿ ಫಾರ್ಮ್ ಹುಡುಕಿ, ಮೇಲಿನವರನ್ನು ಕೇಳಿ, ಮುಗಿಸುವಷ್ಟರಲ್ಲಿ ದಿನಗಳು ಹೋಗುತ್ತವೆ. ಇಂಥದೇ ಓಡಾಟದಲ್ಲಿ ಆಗಸ್ಟ್ 2ಕ್ಕೆ ಹಣ ಜಮೆಯಾದ ಒಂದು ಕುಟುಂಬಕ್ಕಾಗಿ ನಾನು ಎರಡು ವರ್ಷ ಕಾಗದ ಬರೆದಿದ್ದೇನೆ. ಜೂನ್‌ನಲ್ಲೇ ಶಾಖೆಗೆ ಹೋಗಿಬನ್ನಿ.

ದಿನ ತಪ್ಪಿಹೋಗಿದ್ದರೆ? ತಡವಾಗಿ ರಿಟರ್ನ್ ಸಲ್ಲಿಸಲು ಇರುವ ಹೆಚ್ಚುವರಿ ಅವಧಿಯೊಳಗೆ ಹಣವನ್ನು ಪೂರ್ತಿಯಾಗಿ ಮನೆಗೇ ಹಾಕಿ ಮುಗಿಸಿದವರ ಪರವಾಗಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ಅದು ವಾದ ಮಾಡಿ ಗೆಲ್ಲಬೇಕಾದ ದಾರಿ. ಅದನ್ನು ನಂಬಿಕೊಂಡು ಖಾತೆ ತೆರೆಯುವುದನ್ನು ಮುಂದೂಡಬೇಡಿ.

6. ರಿಟರ್ನ್ ಸಲ್ಲಿಸಿ, ತೆರಿಗೆ ಸೊನ್ನೆಯಾದರೂ

ಬಂಡವಾಳ ಲಾಭ ಇರುವ ಪಿಂಚಣಿದಾರರು, ನೌಕರರು ಐಟಿಆರ್-2 ಸಲ್ಲಿಸಬೇಕು. ಅದರಲ್ಲಿ ಮನೆ ಕೊಂಡವರ ಪ್ಯಾನ್, ಮಾರಿದ ದಿನಾಂಕ, ಹೊಸ ಮನೆಗೆ ಹಾಕಿದ ಹಣ, ವಿಶೇಷ ಖಾತೆಗೆ ಹಾಕಿದ ಹಣ, ಜಮೆಯಾದ ದಿನಾಂಕ ಎಲ್ಲಕ್ಕೂ ಜಾಗವಿದೆ. ಶಿಕ್ಷಕರು 27,00,000 ಮತ್ತು 14,70,000 ಎಂದು ಎರಡು ಕಡೆ ಬೇರೆಬೇರೆ ತುಂಬುತ್ತಾರೆ. "ತೆರಿಗೆಯೇ ಇಲ್ಲವಲ್ಲ" ಎಂದು ರಿಟರ್ನ್ ಹಾಕದೆ ಬಿಟ್ಟರೆ, ಉಪನೋಂದಣಿ ಕಚೇರಿಯಿಂದ ಮಾರಾಟದ ವಿವರ ಇಲಾಖೆಗೆ ತಲುಪಿರುವುದರಿಂದ ನೋಟಿಸ್ ಬರುತ್ತದೆ. 62,000 ಟಿಡಿಎಸ್ ಕೂಡ ಮರಳುವುದಿಲ್ಲ.

7. ಖಾತೆಯಿಂದ ಹಣ ತೆಗೆದು ಮನೆ ಮುಗಿಸುವಾಗ

ಈ ಖಾತೆಗೆ ಚೆಕ್‌ಬುಕ್ ಇಲ್ಲ. ಮೊದಲ ಬಾರಿ ಹಣ ಬೇಕಾದಾಗ ಫಾರ್ಮ್ ಸಿ ಕೊಡಬೇಕು. ಎರಡನೆಯ ಬಾರಿಯಿಂದ ಅದರ ಜೊತೆಗೆ ಫಾರ್ಮ್ ಡಿ ಕೂಡ, ಅಂದರೆ ಹಿಂದೆ ತೆಗೆದ ಹಣ ಯಾವುದಕ್ಕೆ ಹೋಯಿತು ಎಂಬ ಲೆಕ್ಕ. ತೆಗೆದ ಹಣವನ್ನು 60 ದಿನದೊಳಗೆ ಮನೆಗೆ ಬಳಸಬೇಕು, ಉಳಿದರೆ ಮತ್ತೆ ಅದೇ ಖಾತೆಗೆ ಹಾಕಬೇಕು. ಆದ್ದರಿಂದ ಒಂದೇ ಸಲ ದೊಡ್ಡ ಮೊತ್ತ ತೆಗೆಯದೆ ಸ್ಲ್ಯಾಬಿಗೆ ಬೇಕಾದಾಗ ಸ್ಲ್ಯಾಬಿನಷ್ಟು, ಟೈಲ್ಸ್‌ಗೆ ಬೇಕಾದಾಗ ಟೈಲ್ಸ್‌ನಷ್ಟು ತೆಗೆಯುವುದು ಮೇಲು.

ಒಂದು ದಪ್ಪ ನೋಟ್‌ಬುಕ್ ಇಡಿ. ಎಡ ಪುಟದಲ್ಲಿ ಖಾತೆಯಿಂದ ತೆಗೆದ ದಿನಾಂಕ ಮತ್ತು ಮೊತ್ತ, ಬಲ ಪುಟದಲ್ಲಿ ಅದು ಹೋದ ಕಡೆ. ಸಿಮೆಂಟು ಕಬ್ಬಿಣದ ಜಿಎಸ್‌ಟಿ ಬಿಲ್ಲನ್ನು ಅದೇ ಪುಟಕ್ಕೆ ಅಂಟಿಸಿ. ಗೌಂಡಿಗೆ ಬ್ಯಾಂಕಿನ ಮೂಲಕ ಕೊಡಿ. ಕೊಡಲಾಗದಿದ್ದರೆ ಕೆಲಸದ ವಿವರ ಬರೆಸಿ ಸಹಿ ಹಾಕಿಸಿಕೊಳ್ಳಿ. ಫಾರ್ಮ್ ಡಿ ತುಂಬುವಾಗ ಈ ಪುಟ ನೋಡಿ ಐದು ನಿಮಿಷದಲ್ಲಿ ಬರೆಯಬಹುದು. ಉಷ್ಣಕ್ಕೆ ಬಿಲ್ಲಿನ ಅಕ್ಷರಗಳು ಮಾಸಿಹೋಗುವುದರಿಂದ ಅಂಟಿಸುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

ಮನೆ ಅವಧಿಯೊಳಗೆ ಮುಗಿಯಿತು ಎಂಬುದಕ್ಕೂ ದಾಖಲೆ ಬೇಕು. ಪಾಲಿಕೆಯ ಅಥವಾ ನಗರಸಭೆಯ ಕಟ್ಟಡ ಪರವಾನಗಿ, ಮುಕ್ತಾಯ ಪ್ರಮಾಣಪತ್ರ, ಹೊಸ ಮನೆಯ ಹೆಸ್ಕಾಂ ಮೀಟರಿನ ಮೊದಲ ಬಿಲ್ಲು, ಮನೆ ಕರ ಕಟ್ಟಿದ ರಸೀದಿ, ಇವನ್ನು ಒಂದೇ ಫೈಲಿನಲ್ಲಿ ಇಡಿ. ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಸಾಕ್ಷಿಯಾಗುತ್ತದೆ ಎಂದು ನಂಬಿದವರನ್ನು ಕಂಡಿದ್ದೇನೆ. ಸರ್ಕಾರಿ ದಾಖಲೆಯ ಮುಂದೆ ಅದು ನಿಲ್ಲುವುದಿಲ್ಲ.

ಮೂರು ವರ್ಷ ಮುಗಿದಾಗ ಖಾತೆಯಲ್ಲಿ ಹಣ ಉಳಿದಿದ್ದರೆ, ಉಳಿದ ಮೊತ್ತಕ್ಕೆ ಆ ವರ್ಷದ ಬಂಡವಾಳ ಲಾಭವಾಗಿ ತೆರಿಗೆ ಬೀಳುತ್ತದೆ. ಶಿಕ್ಷಕರ ಖಾತೆಯಲ್ಲಿ 2028ರ ಸೆಪ್ಟೆಂಬರ್‌ನಲ್ಲಿ 2 ಲಕ್ಷ ಉಳಿದರೆ ಅದನ್ನು 2028-29ರ ಆದಾಯದಲ್ಲಿ ತೋರಿಸಬೇಕು. ಖಾತೆ ಮುಚ್ಚಲು ಫಾರ್ಮ್ ಜಿ ತುಂಬಿ, ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ಅದಿಲ್ಲದೆ ಬ್ಯಾಂಕು ಹಣ ಬಿಡುವುದಿಲ್ಲ.

8. ಹೊಸ ಮನೆಯನ್ನು ಮೂರು ವರ್ಷ ಮಾರಬೇಡಿ

ಹೊಸ ಮನೆ ಕೊಂಡ ಅಥವಾ ಕಟ್ಟಿ ಮುಗಿಸಿದ ದಿನದಿಂದ ಮೂರು ವರ್ಷದೊಳಗೆ ಮಾರಿದರೆ, ಹಿಂದೆ ಪಡೆದ ವಿನಾಯಿತಿಯನ್ನು ಆ ಮನೆಯ ಬೆಲೆಯಿಂದ ಕಳೆಯುತ್ತಾರೆ. ಶಿಕ್ಷಕರ ಹೊಸ ಮನೆಗೆ ಒಟ್ಟು 45 ಲಕ್ಷ ಆಯಿತೆಂದುಕೊಳ್ಳಿ. ಅದರಲ್ಲಿ 41,70,000 ಕಳೆದರೆ ಲೆಕ್ಕಕ್ಕೆ ಉಳಿಯುವ ಬೆಲೆ 3,30,000 ಮಾತ್ರ. ಒಂದೂವರೆ ವರ್ಷಕ್ಕೆ 50 ಲಕ್ಷಕ್ಕೆ ಮಾರಿದರೆ ಲಾಭ 46,70,000, ಅದೂ ಅಲ್ಪಾವಧಿ ಲಾಭ. ಉಳಿಸಿದ್ದ 4,20,317 ರೂಪಾಯಿಯ ಎರಡು ಪಟ್ಟಿಗೂ ಹೆಚ್ಚು ತೆರಿಗೆ ಬರುತ್ತದೆ. ಮಕ್ಕಳು ಬೇರೆ ಊರಿಗೆ ಕರೆಯುತ್ತಿದ್ದರೆ ಆ ಮನೆಯನ್ನು ಬಾಡಿಗೆಗೆ ಕೊಟ್ಟು ಹೋಗಿ, ಅದಕ್ಕೆ ಅಡ್ಡಿಯಿಲ್ಲ.

ಇನ್ನೊಂದು ಮನೆಯೇ ಬೇಡ ಎನ್ನುವವರಿಗೆ 54ಇಸಿ ಎಂಬ ಬೇರೆ ದಾರಿಯಿದೆ. ಮಾರಿದ ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ಸಂಸ್ಥೆಗಳ ಬಾಂಡುಗಳಲ್ಲಿ 50 ಲಕ್ಷದವರೆಗೆ ಹಾಕಬಹುದು. ಹಣ ಐದು ವರ್ಷ ಕೈಗೆ ಬರುವುದಿಲ್ಲ, ಬಡ್ಡಿಗೆ ತೆರಿಗೆ ಇದೆ. ಮನೆಗೆ ಸ್ವಲ್ಪ, ಬಾಂಡಿಗೆ ಸ್ವಲ್ಪ ಎಂದು ಹಂಚಲೂ ಬಹುದು. ಶಿಕ್ಷಕರು ಹೀಗೆ ಹಂಚಬೇಕೆಂದಿದ್ದರೆ ಬಾಂಡಿಗೆ 2026ರ ಮಾರ್ಚ್ 12ರೊಳಗೆ ಹಣ ಹಾಕಬೇಕಿತ್ತು, ಜುಲೈವರೆಗೆ ಕಾಯುವಂತಿರಲಿಲ್ಲ.